ಫ್ರೀಲ್ಯಾನ್ಸ್ ವರ್ಷಗಳನ್ನು ರೆಸ್ಯೂಮೆಯಲ್ಲಿ ಕೆಲಸವಾಗಿ ಬರೆಯುವುದು ಹೇಗೆ?

ಪ್ರಶ್ನೆ: ದಾವಣಗೆರೆಯ ಮನೆಯಿಂದಲೇ 2021ರಿಂದ 2024ರ ಕೊನೆವರೆಗೆ ಇಂಗ್ಲಿಷ್–ಕನ್ನಡ ಅನುವಾದ ಮಾಡಿದೆ. ಹೆಚ್ಚಿನದು ಔಷಧ ಪ್ರಯೋಗದ ಕಾಗದಪತ್ರ, ಸ್ವಲ್ಪ ಸಬ್‌ಟೈಟಲ್. ನಡುವೆ ಹೆರಿಗೆಗೆ ಐದು ತಿಂಗಳು ಬಿಡುವು ತಗೊಂಡಿದ್ದೆ. ಈಗ ಬೆಂಗಳೂರಿನ ಕಂಪನಿಗಳಲ್ಲಿ ಕನ್ನಡ ರಿವ್ಯೂವರ್ ಕೆಲಸ ಹುಡುಕುತ್ತಿದ್ದೇನೆ. ರೆಸ್ಯೂಮೆಯಲ್ಲಿ ‘ಫ್ರೀಲ್ಯಾನ್ಸರ್, 2021–2024: ಅನುವಾದ, ಸಬ್‌ಟೈಟಲ್, ಕಂಟೆಂಟ್ ರೈಟಿಂಗ್’ ಅಂತ ಒಂದು ಸಾಲು ಬರೆದಿದ್ದೇನೆ. ಎರಡು ಕಡೆ ಎಚ್‌ಆರ್‌ನವರು ‘ಅಂದ್ರೆ ಮೂರು ವರ್ಷ ಗ್ಯಾಪ್ ಇದೆ ಅಲ್ವಾ?’ ಅಂದರು. ಗುಟ್ಟು ಹೊರಗೆ ಬಿಡಲ್ಲ ಅನ್ನುವ ಒಪ್ಪಂದಕ್ಕೆ, ಅಂದ್ರೆ ಎನ್‌ಡಿಎಗೆ, ಸಹಿ ಹಾಕಿದ್ದೇನೆ, ಕಂಪನಿಗಳ ಹೆಸರು ಹೇಳೋಕಾಗಲ್ಲ. ಅನುಭವ ಪತ್ರವೂ ಇಲ್ಲ. ನನ್ನ ಬಿಲ್‌ಗಳ ಪಟ್ಟಿ ಜೊತೆಗಿಟ್ಟಿದ್ದೇನೆ. ಇದನ್ನ ಕೆಲಸ ಅಂತ ಹೇಗೆ ತೋರಿಸಲಿ?

ಉತ್ತರ: ನಿಮ್ಮ ಬಿಲ್ ಪಟ್ಟಿಯನ್ನು ಮೊದಲಿನಿಂದ ಕೊನೆವರೆಗೆ ನೋಡಿದೆ. ಅದರಲ್ಲಿ ಒಂದು ಗಟ್ಟಿ ಉದ್ಯೋಗ ಇದೆ. ರೆಸ್ಯೂಮೆಯಲ್ಲಿ ಅದರ ಸುಳಿವೂ ಇಲ್ಲ. ಭಾಷಾ ತಂಡಗಳಿಗೆ ಜನರನ್ನು ಆರಿಸುವುದು ನನ್ನ ಕೆಲಸ. ಇಂಥ ಒಂದು ಸಾಲಿನ ರೆಸ್ಯೂಮೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಅದನ್ನು ಓದಿದ ಎಚ್‌ಆರ್‌ನವರಿಗೆ ಮುಂದಿನ ಪ್ರಶ್ನೆ ಕೇಳಲು ಏನೂ ಸಿಗುವುದಿಲ್ಲ. ಯಾರಿಗೆ ಮಾಡಿದಿರಿ, ಏನು ಮಾಡಿ ಕೊಟ್ಟಿರಿ, ಯಾವಾಗ ಕೊಟ್ಟಿರಿ, ಈ ಮೂರೂ ಆ ಸಾಲಿನಲ್ಲಿಲ್ಲ. ಹಾಗಾಗಿ ಅವರು ಅದನ್ನು ಖಾಲಿ ಜಾಗ ಅಂತ ಓದುತ್ತಾರೆ.

ಆದರೆ ರೆಸ್ಯೂಮೆ ತಿದ್ದಲು ಈಗಲೇ ಕೂರಬೇಡಿ. ಮೊದಲು ಒಂದು ಪಟ್ಟಿ ಮಾಡಿಕೊಳ್ಳಿ. ಅದು ನಿಮಗೆ ಮಾತ್ರ, ಯಾರಿಗೂ ಕಳಿಸುವುದಕ್ಕಲ್ಲ. ಎಕ್ಸೆಲ್‌ನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಸಾಲು ಹಾಕಿ: ಗ್ರಾಹಕರು ಯಾರು, ಪಿಓ, ಅಂದರೆ ಪರ್ಚೇಸ್ ಆರ್ಡರ್ ನಂಬರ್ ಏನು, ಏನು ಕೆಲಸ, ಎಷ್ಟು ಪದ ಅಥವಾ ಎಷ್ಟು ನಿಮಿಷ, ಕೊಡಬೇಕಾದ ದಿನ, ಕೊಟ್ಟ ದಿನ, ಬಿಲ್ ಮೊತ್ತ. ಇದರಲ್ಲಿ ಬಹುಪಾಲು ನಿಮ್ಮ ಬಿಲ್‌ಗಳಲ್ಲೇ ಇದೆ. ಇಲ್ಲದಿರುವುದು ‘ಕೊಟ್ಟ ದಿನ’ ಒಂದೇ. ಅದು ಮೇಲ್‌ನಲ್ಲಿ ಸಿಗುತ್ತದೆ. ಕಳಿಸಿದ ಮೇಲ್‌ಗಳಲ್ಲಿ ಪಿಓ ನಂಬರ್ ಹಾಕಿ ಹುಡುಕಿದರೆ ಫೈಲ್ ಕಳಿಸಿದ ದಿನ, ಗಂಟೆ ಎಲ್ಲ ಬರುತ್ತದೆ. ಏಜೆನ್ಸಿಯ ಪೋರ್ಟಲ್‌ನಲ್ಲಿ ಅಪ್‌ಲೋಡ್ ಮಾಡುತ್ತಿದ್ದರೆ ಲಾಗಿನ್ ಬಂದ್ ಆಗುವ ಮೊದಲೇ ಅಲ್ಲಿನ ಕೆಲಸದ ಪಟ್ಟಿ ಇಳಿಸಿಕೊಳ್ಳಿ. ಕೆಲಸ ನಿಲ್ಲಿಸಿದ ಅನುವಾದಕರ ಖಾತೆಗಳನ್ನು ಕೆಲವು ಏಜೆನ್ಸಿಗಳು ಮುಚ್ಚಿಬಿಡುತ್ತವೆ. ಆಮೇಲೆ ಕೇಳಿದರೆ ಸಿಗುವುದು ಕಷ್ಟ.

ನಿಮ್ಮ ಬಿಲ್‌ಗಳಿಂದ ನಾನೇ ಲೆಕ್ಕ ಹಾಕಿ ನೋಡಿದೆ. ಬೆಂಗಳೂರಿನ ಏಜೆನ್ಸಿಗೆ 2021ರ ಆಗಸ್ಟ್‌ನಿಂದ 2024ರ ನವೆಂಬರ್‌ವರೆಗೆ ಸುಮಾರು 5,60,000 ಪದ ಅನುವಾದ ಮಾಡಿದ್ದೀರಿ. ಒಟ್ಟು 40 ತಿಂಗಳು. ಬಿಡುವಿನ ಐದು ತಿಂಗಳು ಕಳೆದರೆ 35. ಅಂದರೆ ತಿಂಗಳಿಗೆ 16,000 ಪದ. ಅನುವಾದದವರು ಸಾಮಾನ್ಯವಾಗಿ ದಿನಕ್ಕೆ 2,000 ಪದದ ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ತಿಂಗಳಿಗೆ ಎಂಟು ಪೂರ್ತಿ ದಿನ. ಸಬ್‌ಟೈಟಲ್ 2022ರ ಮಾರ್ಚ್‌ನಿಂದ 2023ರ ಮಾರ್ಚ್‌ವರೆಗೆ 1,560 ನಿಮಿಷ, ಅಂದರೆ ತಿಂಗಳಿಗೆ 120 ನಿಮಿಷ. ನಿಮ್ಮ ಬಿಲ್‌ಗಳ ಪ್ರಕಾರ ದಿನಕ್ಕೆ 30 ನಿಮಿಷದ ವೀಡಿಯೊ ಮುಗಿಸುತ್ತಿದ್ದಿರಿ. ಆ ವರ್ಷ ತಿಂಗಳಿಗೆ ಇನ್ನೂ ನಾಲ್ಕು ದಿನ ಸೇರಿತು. ಧಾರವಾಡದ ಸ್ವಯಂಸೇವಾ ಸಂಸ್ಥೆಗೆ 2023ರ ಅಕ್ಟೋಬರ್‌ನಿಂದ 2024ರ ಫೆಬ್ರವರಿವರೆಗೆ ಮೂರು ತರಬೇತಿ ಕೈಪಿಡಿ ಮಾಡಿಕೊಟ್ಟಿದ್ದೀರಿ.

ಈ ಲೆಕ್ಕ ಯಾಕೆ ಹಾಕಿಸುತ್ತಿದ್ದೇನೆ ಅಂದರೆ, ನಿಮ್ಮ ಮುಂದೆ ಕೂತ ಅನುಭವಿ ರಿವ್ಯೂವರ್ ಕೂಡ ಮನಸ್ಸಿನಲ್ಲೇ ಇದೇ ಲೆಕ್ಕ ಹಾಕುತ್ತಾರೆ. ‘ಫುಲ್ ಟೈಮ್ ಫ್ರೀಲ್ಯಾನ್ಸರ್’ ಅಂತ ಬರೆದು 5,60,000 ಪದ ತೋರಿಸಿದರೆ, ಉಳಿದ ದಿನ ಏನು ಮಾಡಿದಿರಿ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಫುಲ್ ಟೈಮ್ ಅಂತಲೂ ಬರೆಯಬೇಡಿ, ಪಾರ್ಟ್ ಟೈಮ್ ಅಂತಲೂ ಬರೆಯಬೇಡಿ. ಪ್ರಮಾಣ ಬರೆಯಿರಿ, ಸಾಕು. ತಿಂಗಳಿಗೆ 16,000 ಪದ ಮೆಡಿಕಲ್ ಅನುವಾದ, ಅದೂ ಒಂದೇ ಏಜೆನ್ಸಿಗೆ ಮೂರು ವರ್ಷಕ್ಕೂ ಜಾಸ್ತಿ ಕಾಲ. ಆ ಏಜೆನ್ಸಿ ಮತ್ತೆ ಮತ್ತೆ ನಿಮ್ಮ ಹತ್ತಿರವೇ ಬಂದಿದೆ ಅನ್ನುವುದು ಇದರಲ್ಲೇ ಕಾಣುತ್ತದೆ. ‘ಫುಲ್ ಟೈಮ್’ ಅನ್ನುವ ಪದಕ್ಕಿಂತ ಇದಕ್ಕೆ ಬೆಲೆ ಜಾಸ್ತಿ.

ಈಗ ರೆಸ್ಯೂಮೆಗೆ ಬರೋಣ. ‘ಫ್ರೀಲ್ಯಾನ್ಸರ್’ ಅನ್ನುವುದು ಹುದ್ದೆಯ ಹೆಸರಲ್ಲ. ನೀವು ಹಣ ಪಡೆಯುವ ರೀತಿ ಅದು. ಹುದ್ದೆಯ ಜಾಗದಲ್ಲಿ ಮಾಡಿದ ಕೆಲಸ ಬರಬೇಕು: ‘ಮೆಡಿಕಲ್ ಟ್ರಾನ್ಸ್‌ಲೇಟರ್, ಇಂಗ್ಲಿಷ್–ಕನ್ನಡ’. ಕಂಪನಿಯ ಹೆಸರಿನ ಜಾಗದಲ್ಲಿ ‘ಸ್ವಂತ ಉದ್ಯೋಗ’ ಅಂತ ನೇರವಾಗಿ ಹಾಕಿ. ಕೆಲವರು ಇಲ್ಲಿ ತಮ್ಮ ಹೆಸರಿಗೆ ‘ಸೊಲ್ಯೂಷನ್ಸ್’ ಸೇರಿಸಿ, ತಾವೇ ಸಂಸ್ಥಾಪಕರು ಅಂತ ಬರೆದುಕೊಳ್ಳುತ್ತಾರೆ. ನೋಂದಣಿ ಇಲ್ಲ, ಬೋರ್ಡ್ ಇಲ್ಲ, ಬಿಲ್ ಮೇಲೆ ಆ ಹೆಸರೂ ಇಲ್ಲ ಅಂದಮೇಲೆ ವೆರಿಫಿಕೇಶನ್‌ನಲ್ಲಿ ಅದು ನಿಲ್ಲುವುದಿಲ್ಲ. ನಿಮ್ಮ ಬಿಲ್‌ನಲ್ಲಿ ಯಾವ ಹೆಸರಿದೆಯೋ ಅದೇ ರೆಸ್ಯೂಮೆಯಲ್ಲೂ ಇರಲಿ.

ದಿನಾಂಕಕ್ಕೆ ತಿಂಗಳು ಸೇರಿಸಿ. ‘2021–2024’ ಅಂದರೆ ಎರಡು ವರ್ಷಕ್ಕಿಂತ ಸ್ವಲ್ಪ ಜಾಸ್ತಿಯೂ ಆಗಬಹುದು, ಪೂರ್ತಿ ನಾಲ್ಕು ವರ್ಷವೂ ಆಗಬಹುದು. ತಿಂಗಳಿಲ್ಲದ ದಿನಾಂಕ ಕಂಡರೆ ನಾನು ಕಡಿಮೆ ಲೆಕ್ಕವನ್ನೇ ಹಿಡಿಯುತ್ತೇನೆ, ಬೇರೆಯವರೂ ಹಾಗೇ ಮಾಡುತ್ತಾರೆ. ನಿಮ್ಮದು ಆಗಸ್ಟ್ 2021ರಿಂದ ನವೆಂಬರ್ 2024. ಶುರುವಾದ ತಿಂಗಳು ಅಂದರೆ ಮೊದಲ ಪಿಓ ಬಂದ ತಿಂಗಳು. ಏಜೆನ್ಸಿ ಜೊತೆ ಮಾತುಕತೆ ಆದ ದಿನವೂ ಅಲ್ಲ, ಟೆಸ್ಟ್ ಬರೆದ ದಿನವೂ ಅಲ್ಲ.

ಮೂವರು ಗ್ರಾಹಕರನ್ನು ಮೂರು ಬೇರೆ ಬೇರೆ ಉದ್ಯೋಗದಂತೆ ಹಾಕಬೇಡಿ. ಹಾಕಿದರೆ ದಿನಾಂಕಗಳು ಒಂದರ ಮೇಲೊಂದು ಬಿದ್ದು, ಕೆಲಸ ಬಿಟ್ಟು ಬಿಟ್ಟು ಓಡಾಡಿದವರ ಹಾಗೆ ಕಾಣುತ್ತೀರಿ. ಮೇಲೆ ಒಂದೇ ಹುದ್ದೆ, ಒಂದೇ ಅವಧಿ. ಅದರ ಕೆಳಗೆ ಒಬ್ಬೊಬ್ಬ ಗ್ರಾಹಕರಿಗೆ ಎರಡು ಮೂರು ಸಾಲು, ಅವರವರ ತಿಂಗಳುಗಳ ಜೊತೆ.

ಎನ್‌ಡಿಎ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು. ಇಲ್ಲಿ ಜನ ಎರಡು ರೀತಿ ಎಡವುತ್ತಾರೆ. ಕೆಲವರು ಹೆದರಿ ಏನನ್ನೂ ಬರೆಯುವುದಿಲ್ಲ. ಇನ್ನು ಕೆಲವರು ದೊಡ್ಡ ಔಷಧ ಕಂಪನಿಯ ಹೆಸರನ್ನೇ ತಮ್ಮ ಗ್ರಾಹಕ ಅಂತ ಹಾಕಿಬಿಡುತ್ತಾರೆ. ನಿಮಗೆ ಪಿಓ ಕೊಟ್ಟವರು ಯಾರು, ಬಿಲ್ ಯಾರ ಹೆಸರಿಗೆ ಮಾಡಿದಿರಿ, ದುಡ್ಡು ಯಾರ ಖಾತೆಯಿಂದ ಬಂತು? ಮೂರಕ್ಕೂ ಉತ್ತರ ಆ ಏಜೆನ್ಸಿ. ಹಾಗಾದರೆ ನಿಮ್ಮ ಗ್ರಾಹಕರು ಆ ಏಜೆನ್ಸಿಯೇ. ಔಷಧ ಕಂಪನಿ ಏಜೆನ್ಸಿಯ ಗ್ರಾಹಕ, ನಿಮ್ಮದಲ್ಲ. ವೆರಿಫಿಕೇಶನ್‌ನವರು ಆ ಕಂಪನಿಗೆ ಫೋನ್ ಮಾಡಿದರೆ ನಿಮ್ಮ ಹೆಸರು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಪ್ರಾಮಾಣಿಕವಾಗಿ ಮಾಡಿದ ಕೆಲಸ ಆಗ ಸುಳ್ಳಿನ ಹಾಗೆ ಕಾಣುತ್ತದೆ.

ಏಜೆನ್ಸಿಯ ಹೆಸರನ್ನಾದರೂ ಹೇಳಬಹುದಾ? ನೀವು ಸಹಿ ಹಾಕಿದ ಕಾಗದ ತೆಗೆದು ಓದಿ. ಏಜೆನ್ಸಿಯ ಗ್ರಾಹಕರ ಹೆಸರು, ದಾಖಲೆಯಲ್ಲಿದ್ದ ವಿಷಯ, ದರ, ಇವನ್ನು ಹೊರಗೆ ಹೇಳಬಾರದು ಅಂತ ಸಾಮಾನ್ಯವಾಗಿ ಇರುತ್ತದೆ. ನೀವು ಅವರಿಗೆ ಕೆಲಸ ಮಾಡಿದ್ದೀರಿ ಅನ್ನುವ ಸಂಗತಿಯೇ ಗುಟ್ಟು ಅಂತ ಕೆಲವದರಲ್ಲಿ ಇರುತ್ತದೆ, ಹಲವದರಲ್ಲಿ ಇರುವುದಿಲ್ಲ. ಸ್ಪಷ್ಟವಾಗದಿದ್ದರೆ ಫ್ರೀಲ್ಯಾನ್ಸರ್‌ಗಳನ್ನು ನೋಡಿಕೊಳ್ಳುವ ಅವರ ವೆಂಡರ್ ಮ್ಯಾನೇಜರ್‌ಗೆ ಎರಡು ಸಾಲು ಮೇಲ್ ಹಾಕಿ: ‘ರೆಸ್ಯೂಮೆಯಲ್ಲಿ ನಿಮ್ಮ ಸಂಸ್ಥೆಯ ಹೆಸರು ಮಾತ್ರ ಹಾಕಲು ಒಪ್ಪಿಗೆ ಬೇಕು. ನಿಮ್ಮ ಗ್ರಾಹಕರ ಹೆಸರು ಎಲ್ಲೂ ಬರುವುದಿಲ್ಲ.’ ನಾನು ಕಂಡ ಮಟ್ಟಿಗೆ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ‘ಬೆಂಗಳೂರಿನ ಅನುವಾದ ಏಜೆನ್ಸಿ’ ಅಂತ ಬರೆಯಿರಿ. ಊರು, ಕ್ಷೇತ್ರ, ಕೆಲಸದ ಬಗೆ ಹೇಳಿದರೆ ಓದುವವರಿಗೆ ಒಂದು ಅಂದಾಜು ಸಿಗುತ್ತದೆ.

ಇನ್ನು ಏನು ಮಾಡಿ ಕೊಟ್ಟಿರಿ ಅನ್ನುವುದು. ನಿಮ್ಮ ರೆಸ್ಯೂಮೆಯಲ್ಲಿ ನನಗೆ ಹೆಚ್ಚು ಬೇಸರ ತಂದದ್ದು ಇದೇ ಜಾಗ. ‘ಅನುವಾದ’ ಅಂತ ಒಂದು ಪದದಲ್ಲಿ ಮುಗಿಸಿದ್ದೀರಿ. ಬಿಲ್‌ಗಳಲ್ಲಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಔಷಧ ಪ್ರಯೋಗದ ಒಪ್ಪಿಗೆ ಪತ್ರಗಳು. ಪ್ರಯೋಗಕ್ಕೆ ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲೇ ವಿವರಿಸಿ ಒಪ್ಪಿಗೆ ಪಡೆಯಬೇಕು ಅಂತ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಹೇಳುತ್ತವೆ. ಆಸ್ಪತ್ರೆಯ ಎಥಿಕ್ಸ್ ಕಮಿಟಿ ಆ ಪತ್ರವನ್ನು ನೋಡಿ ಒಪ್ಪಿದ ಮೇಲಷ್ಟೇ ರೋಗಿಯ ಕೈಗೆ ಕೊಡುವುದು. ನಿಮ್ಮ ಕನ್ನಡ ಹೋಗಿ ಸೇರಿದ್ದು ಆ ಕಮಿಟಿಯ ಮೇಜಿಗೆ.

ಆ ಕೆಲಸ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತು. ರೆಸ್ಯೂಮೆ ಓದುವವರಿಗೂ ಅದು ಕಾಣಬೇಕು. ಇಂಗ್ಲಿಷ್ ಪತ್ರ ಬರುತ್ತದೆ. ನೀವು ಕನ್ನಡಕ್ಕೆ ತರುತ್ತೀರಿ. ಮೂಲವನ್ನು ನೋಡಿರದ ಇನ್ನೊಬ್ಬರು ನಿಮ್ಮ ಕನ್ನಡವನ್ನು ವಾಪಸ್ ಇಂಗ್ಲಿಷಿಗೆ ತರುತ್ತಾರೆ, ಅದೇ ಬ್ಯಾಕ್ ಟ್ರಾನ್ಸ್‌ಲೇಶನ್. ಎರಡು ಇಂಗ್ಲಿಷನ್ನೂ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ಇದ್ದಲ್ಲಿ ನಿಮ್ಮನ್ನು ಕೇಳುತ್ತಾರೆ. ನೀವು ತಿದ್ದುತ್ತೀರಿ, ಇಲ್ಲವೇ ಯಾಕೆ ತಿದ್ದಬೇಕಿಲ್ಲ ಅಂತ ಬರೆದು ಕೊಡುತ್ತೀರಿ. ಕೊನೆಗೆ ಅನುವಾದ ಪ್ರಮಾಣಪತ್ರಕ್ಕೆ ಸಹಿ. ಆಮೇಲೆ ಪ್ರಯೋಗದ ಯೋಜನೆ ಬದಲಾದರೆ ಪತ್ರದ ಹೊಸ ಆವೃತ್ತಿ ಬರುತ್ತದೆ. ಆಗ ಬದಲಾದ ಭಾಗವನ್ನು ಮಾತ್ರ ತಿದ್ದಬೇಕು, ಉಳಿದದ್ದನ್ನು ಮುಟ್ಟಬಾರದು. ಪ್ರತಿ ಪುಟದ ಕೆಳಗಿನ ಆವೃತ್ತಿ ಸಂಖ್ಯೆ, ದಿನಾಂಕ ಇಂಗ್ಲಿಷಿನದಕ್ಕೆ ಸರಿಯಾಗಿ ಹೊಂದಬೇಕು. ಇಂಗ್ಲಿಷಿನಲ್ಲಿ 3.0 ಇದ್ದು ಕನ್ನಡದಲ್ಲಿ 2.0 ಉಳಿದುಬಿಟ್ಟರೆ, ಒಳಗಿನ ಭಾಷೆ ಎಷ್ಟೇ ಚೆನ್ನಾಗಿದ್ದರೂ ಪತ್ರ ವಾಪಸ್ ಬರುತ್ತದೆ.

ಇದಿಷ್ಟೂ ರಿವ್ಯೂವರ್ ಕೆಲಸವೇ ತಾನೇ? ಬೇರೆಯವರ ಟಿಪ್ಪಣಿಗೆ ಉತ್ತರ ಕೊಡುವುದು, ಆವೃತ್ತಿ ಹೊಂದಿಸುವುದು, ಕೊನೆಯ ಪ್ರತಿಗೆ ಜವಾಬ್ದಾರಿ ಹೊರುವುದು. ನೀವು ಕೇಳುತ್ತಿರುವ ಹುದ್ದೆಗೆ ಬೇಕಾದದ್ದನ್ನು ಮೂರು ವರ್ಷ ಮಾಡಿದ್ದೀರಿ. ‘ಅನುವಾದ’ ಅನ್ನುವ ಒಂದು ಪದದ ಹಿಂದೆ ಅದು ಮರೆಯಾಗಿದೆ.

‘ಕಂಟೆಂಟ್ ರೈಟಿಂಗ್’ ತೆಗೆದುಬಿಡಿ. ಪಟ್ಟಿಯಲ್ಲಿ ಅದಕ್ಕೆ ಎರಡೇ ಬಿಲ್ ಇವೆ. ಲಗ್ನಪತ್ರಿಕೆ, ಆಸ್ತಿಪತ್ರದ ಬಿಡಿ ಕೆಲಸಗಳೂ ಬೇಡ. ಅವು ಸಣ್ಣ ಕೆಲಸ ಅಂತಲ್ಲ. ಈ ಹುದ್ದೆಗೆ ಅವುಗಳಿಂದ ಏನೂ ಸೇರುವುದಿಲ್ಲ, ಮುಖ್ಯವಾದದ್ದು ತೆಳುವಾಗುತ್ತದೆ.

ನಾನು ಬರೆದರೆ ಹೀಗೆ ಬರೆಯುತ್ತೇನೆ. ಕನ್ನಡದಲ್ಲಿ ಕೊಟ್ಟಿದ್ದೇನೆ, ಇಂಗ್ಲಿಷಿಗೆ ನೀವೇ ಇಳಿಸಿಕೊಳ್ಳಿ.

> ಮೆಡಿಕಲ್ ಟ್ರಾನ್ಸ್‌ಲೇಟರ್, ಇಂಗ್ಲಿಷ್–ಕನ್ನಡ
> ಸ್ವಂತ ಉದ್ಯೋಗ, ದಾವಣಗೆರೆ. ಆಗಸ್ಟ್ 2021 – ನವೆಂಬರ್ 2024
>
> ಅನುವಾದ ಏಜೆನ್ಸಿ, ಬೆಂಗಳೂರು (ಆಗಸ್ಟ್ 2021 – ನವೆಂಬರ್ 2024)
> ಔಷಧ ಪ್ರಯೋಗಗಳ ಒಪ್ಪಿಗೆ ಪತ್ರ, ರೋಗಿಗಳ ಡೈರಿ ಮತ್ತು ಪ್ರಶ್ನಾವಳಿ. ಒಟ್ಟು ಸುಮಾರು 5,60,000 ಪದ. ಬ್ಯಾಕ್ ಟ್ರಾನ್ಸ್‌ಲೇಶನ್ ಟಿಪ್ಪಣಿಗಳಿಗೆ ಉತ್ತರ, ತಿದ್ದಿದ ಆವೃತ್ತಿಗಳ ಹೊಂದಾಣಿಕೆ, ಅನುವಾದ ಪ್ರಮಾಣಪತ್ರ ಸೇರಿ. ಪ್ರತಿ ಕೆಲಸ ಪಿಓ ಮೇಲೆ, ಸಾಮಾನ್ಯವಾಗಿ 3ರಿಂದ 5 ದಿನದ ಗಡುವು.
>
> ಆನ್‌ಲೈನ್ ಪಾಠಗಳ ಸಂಸ್ಥೆ, ಪುಣೆ (ಮಾರ್ಚ್ 2022 – ಮಾರ್ಚ್ 2023)
> ನರ್ಸಿಂಗ್ ತರಬೇತಿ ವೀಡಿಯೊಗಳ ಕನ್ನಡ ಸಬ್‌ಟೈಟಲ್, 1,560 ನಿಮಿಷ. ಸಮಯ ಹೊಂದಿಸಿದ ಎಸ್‌ಆರ್‌ಟಿ ಫೈಲ್‌ಗಳು, ವಾರಕ್ಕೊಂದು ಕಂತು.
>
> ಸ್ವಯಂಸೇವಾ ಸಂಸ್ಥೆ, ಧಾರವಾಡ (ಅಕ್ಟೋಬರ್ 2023 – ಫೆಬ್ರವರಿ 2024)
> ತಾಯಂದಿರ ಆರೋಗ್ಯದ ಮೂರು ತರಬೇತಿ ಕೈಪಿಡಿಗಳ ಅನುವಾದ ಮತ್ತು ಮುದ್ರಣಪೂರ್ವ ಕರಡು ತಿದ್ದುಪಡಿ.

ಇದರಲ್ಲಿ ‘ಅತ್ಯುತ್ತಮ’, ‘ಪರಿಣತಿ’, ‘ಸಮಯಪ್ರಜ್ಞೆ’ ಅನ್ನುವ ಪದ ಒಂದೂ ಇಲ್ಲ, ಗಮನಿಸಿ. ಮೂರರಿಂದ ಐದು ದಿನದ ಗಡುವಿನಲ್ಲಿ ಮೂರು ವರ್ಷ ಒಂದೇ ಏಜೆನ್ಸಿಗೆ ಕೆಲಸ ಮಾಡಿದವರಿಗೆ ಸಮಯಪ್ರಜ್ಞೆ ಇದೆ ಅಂತ ಓದುವವರೇ ತಿಳಿದುಕೊಳ್ಳುತ್ತಾರೆ. ಗಡುವು ತಪ್ಪಿದ ಕೆಲಸಗಳು ಎಷ್ಟು ಅಂತ ನಿಮ್ಮ ಎಕ್ಸೆಲ್ ಪಟ್ಟಿ ಹೇಳುತ್ತದೆ. ಒಂದೂ ಇಲ್ಲದಿದ್ದರೆ ಅದನ್ನೂ ಒಂದು ಸಾಲು ಸೇರಿಸಿ. ಪಟ್ಟಿ ಮಾಡದೆ ಮಾತ್ರ ಅದನ್ನು ಬರೆಯಬೇಡಿ.

ಹೆರಿಗೆಯ ಐದು ತಿಂಗಳು, 2023ರ ಏಪ್ರಿಲ್‌ನಿಂದ ಆಗಸ್ಟ್. ರೆಸ್ಯೂಮೆಯಲ್ಲಿ ಅದನ್ನು ಬೇರೆ ಮಾಡಿ ತೋರಿಸಬೇಕಿಲ್ಲ. ಅದರ ಹಿಂದೂ ಮುಂದೂ ಅದೇ ಏಜೆನ್ಸಿಗೆ ಕೆಲಸ ಮಾಡಿದ್ದೀರಿ, ನಡುವೆ ಅವರೂ ನಿಮ್ಮನ್ನು ಪಟ್ಟಿಯಿಂದ ತೆಗೆದಿಲ್ಲ. ಕಂಪನಿಯಲ್ಲಿದ್ದವರು ಹೆರಿಗೆ ರಜೆಯ ತಿಂಗಳುಗಳನ್ನು ಅನುಭವದಿಂದ ಕಳೆದು ಬರೆಯುತ್ತಾರಾ? ಇಲ್ಲ ತಾನೇ. ಆದರೆ ಸರಾಸರಿ ಹೇಳುವಾಗ 35 ತಿಂಗಳ ಲೆಕ್ಕ ಅಂತ ಹೇಳಿ. ಕೇಳಿದರೆ ನೇರವಾಗಿ ಹೇಳಿ: ‘ಆ ಐದು ತಿಂಗಳು ಹೆರಿಗೆಗೆ ಬಿಡುವು ತಗೊಂಡಿದ್ದೆ, ಸೆಪ್ಟೆಂಬರ್‌ನಿಂದ ಅದೇ ಏಜೆನ್ಸಿ ಮತ್ತೆ ಕೆಲಸ ಕೊಟ್ಟಿತು.’

ಇಷ್ಟಾದರೆ ಇಂಟರ್ವ್ಯೂವರೆಗೆ ಹೋಗುತ್ತೀರಿ. ಫ್ರೀಲ್ಯಾನ್ಸ್ ಮಾಡಿದವರು ನಿಜವಾಗಿ ಸಿಕ್ಕಿಕೊಳ್ಳುವುದು ಅದರ ನಂತರ, ಆಫರ್ ಬಂದ ಮೇಲೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು ಒಂದು ಫಾರಂ ಕಳಿಸುತ್ತಾರೆ. ಅನುಭವ ಪತ್ರ, ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಪೇ ಸ್ಲಿಪ್ ಕೊಡಿ ಅನ್ನುತ್ತದೆ. ನಿಮ್ಮ ಹತ್ತಿರ ಮೂರೂ ಇಲ್ಲ. ಫಾರಂ ನೌಕರರಿಗೆ ಅಂತ ಮಾಡಿದ್ದು, ನಿಮ್ಮಂಥವರಿಗೆ ಅಲ್ಲ. ಗಾಬರಿಯಾಗಬೇಡಿ, ಆದರೆ ಖಾಲಿಯೂ ಬಿಡಬೇಡಿ. ಆಫರ್ ಒಪ್ಪಿಕೊಳ್ಳುವಾಗಲೇ ಎಚ್‌ಆರ್‌ಗೆ ಬರೆದು ತಿಳಿಸಿ: ಆ ಅವಧಿಯಲ್ಲಿ ಸ್ವಂತ ಉದ್ಯೋಗ ಇತ್ತು, ಅದರ ಬದಲಿಗೆ ಬಿಲ್, ಪಿಓ, ಆದಾಯ ತೆರಿಗೆ ರಿಟರ್ನ್‌ನ ರಸೀದಿ, ಫಾರ್ಮ್ 26ಎಎಸ್ ಮತ್ತು ಗ್ರಾಹಕರ ಪತ್ರ ಕೊಡುತ್ತೇನೆ, ಇವು ಸಾಕಾ? ಸಾಕು ಅಂತ ಬರಹದಲ್ಲಿ ಉತ್ತರ ಪಡೆದುಕೊಳ್ಳಿ.

ಇವುಗಳಲ್ಲಿ ಹೆಚ್ಚು ತೂಕ 26ಎಎಸ್‌ಗೆ. ನಿಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆಯ ಪಟ್ಟಿ ಅದು. ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ನಿಮ್ಮ ಪ್ಯಾನ್ ಹಾಕಿ ಲಾಗಿನ್ ಆದರೆ ಸಿಗುತ್ತದೆ. ಏಜೆನ್ಸಿ ನಿಮ್ಮ ಬಿಲ್‌ನಲ್ಲಿ ಟಿಡಿಎಸ್ ಅಂತ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಿದ್ದರೆ, ಅವರ ಹೆಸರು, ಟಾನ್ ನಂಬರ್, ದಿನಾಂಕ, ಮೊತ್ತ ಎಲ್ಲ ಅದರಲ್ಲಿರುತ್ತದೆ. ವೃತ್ತಿಪರ ಸೇವೆಗೆ ಸೆಕ್ಷನ್ 194ಜೆ ಅಡಿ 10% ಹಿಡಿಯುತ್ತಿದ್ದರು. 18,000 ರೂಪಾಯಿ ಬಿಲ್‌ಗೆ ಖಾತೆಗೆ 16,200 ಬಂದಿರುವುದನ್ನು ನೋಡಿರುತ್ತೀರಿ. ಆ ಉಳಿದ 1,800 ನಿಮ್ಮ ಕೆಲಸಕ್ಕೆ ಸರ್ಕಾರಿ ದಾಖಲೆಯಲ್ಲಿ ಉಳಿದ ಗುರುತು. ನೀವೇ ಬರೆದುಕೊಂಡದ್ದಲ್ಲ, ಗ್ರಾಹಕರು ದಾಖಲಿಸಿದ್ದು. ಹಾಗಾಗಿ ವೆರಿಫಿಕೇಶನ್‌ನವರು ಅದನ್ನು ನಂಬುತ್ತಾರೆ.

ಆದರೆ 26ಎಎಸ್‌ನಲ್ಲಿ ಎರಡು ತೊಡಕು ಇವೆ, ಮೊದಲೇ ತಿಳಿದಿರಲಿ. ಒಂದು, ಅದರಲ್ಲಿ ಬರುವ ದಿನಾಂಕ ಏಜೆನ್ಸಿ ನಿಮ್ಮ ಬಿಲ್ಲನ್ನು ತಮ್ಮ ಲೆಕ್ಕಕ್ಕೆ ತಗೊಂಡದ್ದು ಅಥವಾ ದುಡ್ಡು ಕೊಟ್ಟದ್ದು, ನೀವು ಕೆಲಸ ಮಾಡಿದ್ದಲ್ಲ. ಬಿಲ್ ಕೊಟ್ಟು 45–60 ದಿನಕ್ಕೆ ಹಣ ಕೊಡುವ ಏಜೆನ್ಸಿಗಳು ಸಾಮಾನ್ಯ. ಆಗಸ್ಟ್ 2021ರಲ್ಲಿ ಶುರು ಮಾಡಿದ ನಿಮ್ಮ ಮೊದಲ ನಮೂದು ಅಕ್ಟೋಬರ್‌ಗೋ ನವೆಂಬರ್‌ಗೋ ಇರಬಹುದು. ‘ಎರಡು ತಿಂಗಳು ಹೆಚ್ಚು ತೋರಿಸಿದ್ದೀರಿ’ ಅಂತ ಟಿಪ್ಪಣಿ ಬರುವುದು ಹೀಗೆ. ಅದಕ್ಕೆ ಉತ್ತರ ಮೊದಲ ಪಿಓ ಬಂದ ಮೇಲ್. ಅದನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಎರಡನೆಯದು, ಸಣ್ಣ ಗ್ರಾಹಕರು ಅದರಲ್ಲಿ ಕಾಣದೇ ಇರಬಹುದು. ಆ ವರ್ಷಗಳಲ್ಲಿ ಒಬ್ಬರಿಗೆ ವರ್ಷಕ್ಕೆ 30,000 ರೂಪಾಯಿ ದಾಟಿದರೆ ಮಾತ್ರ 194ಜೆ ಅಡಿ ಟಿಡಿಎಸ್ ಹಿಡಿಯಬೇಕಿತ್ತು. ಧಾರವಾಡದ ಸಂಸ್ಥೆಯ ಬಿಲ್‌ಗಳು ಅದಕ್ಕಿಂತ ಕಡಿಮೆ ಇವೆ. ಅದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಪುಟ ಸಾಕು. ಬೇರೆ ವ್ಯವಹಾರಗಳ ಸಾಲುಗಳನ್ನು ಕಪ್ಪು ಮಾಡಿ ಕೊಡಿ. ಕೈಪಿಡಿಯಲ್ಲಿ ಅನುವಾದಕರ ಹೆಸರು ಅಚ್ಚಾಗಿದ್ದರೆ ಆ ಪುಟವೂ ಒಳ್ಳೆಯ ಸಾಕ್ಷಿ.

ಬಿಲ್, ಪಿಓ ಕೊಡುವಾಗ ದರ ಮತ್ತು ಏಜೆನ್ಸಿಯ ಗ್ರಾಹಕರ ಪ್ರಾಜೆಕ್ಟ್ ಹೆಸರು ಮುಚ್ಚಿ. ಎನ್‌ಡಿಎ ಇಲ್ಲೂ ಲೆಕ್ಕಕ್ಕೆ ಬರುತ್ತದೆ. ಎಷ್ಟೋ ಜನ ರೆಸ್ಯೂಮೆಯಲ್ಲಿ ಹೆಸರು ಬಿಟ್ಟು, ವೆರಿಫಿಕೇಶನ್‌ಗೆ ಪೂರ್ತಿ ಪಿಓ ಕಳಿಸಿಬಿಡುತ್ತಾರೆ. ಮಾದರಿ ತೋರಿಸಿ ಅಂತ ಇಂಟರ್ವ್ಯೂನಲ್ಲಿ ಕೇಳಿದಾಗ ರೋಗಿಗಳ ಒಪ್ಪಿಗೆ ಪತ್ರವನ್ನು ತೆರೆಯಲೇಬೇಡಿ. ‘ಅದು ತೋರಿಸುವಂಥದ್ದಲ್ಲ, ಬೇಕಾದರೆ ನಿಮ್ಮದೇ ಒಂದು ಪುಟ ಕೊಡಿ, ಮಾಡಿ ತೋರಿಸುತ್ತೇನೆ’ ಅನ್ನಿ. ಹಾಗೆ ಹೇಳಿದವರ ಮೇಲೆ ನನ್ನ ನಂಬಿಕೆ ಜಾಸ್ತಿಯಾಗುತ್ತದೆ. ಮುಂದೆ ನಮ್ಮ ಕಾಗದವನ್ನೂ ಇವರು ಹೀಗೇ ಕಾಯುತ್ತಾರೆ ಅನ್ನಿಸುತ್ತದೆ.

ಜಿಎಸ್‌ಟಿ ನಂಬರ್ ಇಲ್ಲ ಅಂತ ಯಾರಾದರೂ ಹುಬ್ಬೇರಿಸಿದರೆ, ಸೇವೆ ಕೊಡುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ ಅಂತ ಹೇಳಿ, ಮುಗಿಯಿತು.

ಅನುಭವ ಪತ್ರದ ವಿಷಯ. ಏಜೆನ್ಸಿಯನ್ನು ಕೇಳಿದ್ದೆ, ಕೊಡಲ್ಲ ಅಂದರು ಅಂತ ಬಹಳ ಜನ ಹೇಳುತ್ತಾರೆ. ಕೇಳುವ ರೀತಿಯಲ್ಲೇ ತಪ್ಪಿದೆ. ‘ಎಕ್ಸ್‌ಪೀರಿಯೆನ್ಸ್ ಲೆಟರ್’ ಅಂದ ತಕ್ಷಣ ಅವರ ಎಚ್‌ಆರ್‌ಗೆ ಭಯ ಶುರುವಾಗುತ್ತದೆ. ಕೊಟ್ಟರೆ ನೀವು ಅವರ ನೌಕರರು ಅಂತ ಒಪ್ಪಿಕೊಂಡ ಹಾಗಾಗುತ್ತದಾ, ನಾಳೆ ಪಿಎಫ್ ಕೇಳುತ್ತೀರಾ ಅಂತ. ಅದಕ್ಕೆ ಎಚ್‌ಆರ್‌ನವರನ್ನು ಬಿಟ್ಟು ವೆಂಡರ್ ಮ್ಯಾನೇಜರ್‌ನ ಕೇಳಿ. ಕೇಳುವುದು ಅನುಭವ ಪತ್ರವನ್ನಲ್ಲ, ಸೇವೆ ಪಡೆದದ್ದಕ್ಕೆ ಒಂದು ದೃಢೀಕರಣ. ಅವರಿಗೆ ಕೆಲಸ ಉಳಿಯುವ ಹಾಗೆ ನೀವೇ ಬರೆದು ಕಳಿಸಿ:

> ಇವರು ಆಗಸ್ಟ್ 2021ರಿಂದ ನವೆಂಬರ್ 2024ರವರೆಗೆ ನಮ್ಮ ಸಂಸ್ಥೆಗೆ ಇಂಗ್ಲಿಷ್–ಕನ್ನಡ ಮೆಡಿಕಲ್ ಅನುವಾದ ಸೇವೆ ಒದಗಿಸಿದ್ದಾರೆ. ಪ್ರತಿ ಕೆಲಸವನ್ನು ಪರ್ಚೇಸ್ ಆರ್ಡರ್ ಮೂಲಕ ಕೊಡಲಾಗಿತ್ತು. ಇವರು ಸ್ವತಂತ್ರ ಸೇವಾದಾರರು, ನಮ್ಮ ಸಂಸ್ಥೆಯ ನೌಕರರಲ್ಲ. ಈ ವಿವರಗಳನ್ನು ಕೆಳಗಿನ ಮೇಲ್ ವಿಳಾಸದಲ್ಲಿ ಖಚಿತಪಡಿಸಿಕೊಳ್ಳಬಹುದು.

‘ನೌಕರರಲ್ಲ’ ಅನ್ನುವ ಮಾತನ್ನು ಬಿಡಬೇಡಿ. ಅದು ನಿಮಗೆ ನಷ್ಟ ಅಲ್ಲ. ಅವರು ಸಹಿ ಹಾಕಲು ಧೈರ್ಯ ಕೊಡುವುದೇ ಆ ವಾಕ್ಯ. ಲೆಟರ್‌ಹೆಡ್ ಆಗದಿದ್ದರೆ ಸಂಸ್ಥೆಯ ಮೇಲ್ ವಿಳಾಸದಿಂದ ಬಂದರೂ ಸಾಕು. ಸ್ವಂತ ಜಿಮೇಲ್‌ನಿಂದ ಕಳಿಸಿದರೆ ಉಪಯೋಗವಿಲ್ಲ. ಇದನ್ನು ಈ ವಾರವೇ ಕೇಳಿ. ಏಜೆನ್ಸಿಗಳಲ್ಲಿ ಮ್ಯಾನೇಜರ್‌ಗಳು ಬೇಗ ಬದಲಾಗುತ್ತಾರೆ. ನಿಮ್ಮ ಕೆಲಸ ಬಲ್ಲವರು ಅಲ್ಲಿರುವಾಗಲೇ ಪತ್ರ ಕೈಗೆ ಬರಬೇಕು.

ಜಾಬ್ ಪೋರ್ಟಲ್ ಫಾರಂಗಳಲ್ಲಿ ಇನ್ನೆರಡು ಜಾಗ ನಿಮ್ಮನ್ನು ಗೊಂದಲಕ್ಕೆ ಹಾಕುತ್ತವೆ. ‘ಈಗಿನ ಸಿಟಿಸಿ’, ಅಂದರೆ ಕಂಪನಿ ನಿಮಗೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಅಂತ ಕೇಳುತ್ತದೆ. ನಿಮಗೆ ಸಿಟಿಸಿ ಇಲ್ಲ, ವೃತ್ತಿ ಆದಾಯ ಇದೆ. ಸುಮ್ನೆ ಒಂದು ಅಂದಾಜು ಹಾಕಬೇಡಿ. ಕೊನೆಯ ಪೂರ್ತಿ ಹಣಕಾಸು ವರ್ಷದ ರಿಟರ್ನ್‌ನಲ್ಲಿ ತೋರಿಸಿದ ಒಟ್ಟು ಬಿಲ್ ಮೊತ್ತ, ಅಂದರೆ ಟಿಡಿಎಸ್ ಹಿಡಿಯುವ ಮೊದಲಿನದ್ದು, ಅದನ್ನು ಹಾಕಿ. ಬ್ಯಾಂಕಿಗೆ ಬಂದದ್ದನ್ನು ಹಾಕಿದರೆ ನಿಮ್ಮದೇ 26ಎಎಸ್‌ಗಿಂತ ಕಡಿಮೆ ಕಾಣುತ್ತದೆ. ಟಿಪ್ಪಣಿಗೆ ಜಾಗ ಇದ್ದರೆ ‘ವೃತ್ತಿ ಆದಾಯ, 2023–24, ಸಂಬಳವಲ್ಲ’ ಅಂತ ಸೇರಿಸಿ. ನಿಮಗೆ ಆ ವರ್ಷ ಬಿಡುವಿನ ಐದು ತಿಂಗಳೂ ಸೇರಿವೆ. ಹಾಗಾಗಿ ಸಂಬಳದ ಮಾತು ಬಂದಾಗ ಆ ಮೊತ್ತವನ್ನು ಏಳು ತಿಂಗಳಿಗೆ ಭಾಗಿಸಿ ಮಾತಾಡಿ, ಹನ್ನೆರಡಕ್ಕಲ್ಲ. ಇದನ್ನು ನೀವೇ ಹೇಳಬೇಕು, ಎದುರಿನವರಿಗೆ ತಾನಾಗಿ ಹೊಳೆಯುವುದಿಲ್ಲ.

‘ನೋಟಿಸ್ ಪೀರಿಯಡ್’ ಜಾಗದಲ್ಲಿ ಏಜೆನ್ಸಿ ಕೆಲಸ ನವೆಂಬರ್‌ನಲ್ಲೇ ಮುಗಿದಿರುವುದರಿಂದ ‘ಕೂಡಲೇ ಸೇರಬಹುದು’ ಅಂತ ಹಾಕಿ. ಕೈಯಲ್ಲಿ ಸಣ್ಣ ಕೆಲಸ ಏನಾದರೂ ಒಪ್ಪಿಕೊಂಡಿದ್ದರೆ ಅದು ಮುಗಿಯುವ ದಿನಾಂಕ ನೋಡಿ ಅಷ್ಟು ದಿನ ಕೇಳಿ. ಜೊತೆಗೆ ಆಫರ್ ಲೆಟರ್‌ನಲ್ಲಿ ಹೊರಗಿನ ಕೆಲಸದ ಬಗ್ಗೆ ಏನಿದೆ ಅಂತ ಓದಿ. ಸೇರಿದ ಮೇಲೂ ಹಳೆ ಏಜೆನ್ಸಿಗೆ ವಾರಾಂತ್ಯದಲ್ಲಿ ಮಾಡಿಕೊಡುವ ಯೋಚನೆ ಇದ್ದರೆ ಸಹಿ ಹಾಕುವ ಮೊದಲೇ ಬರಹದಲ್ಲಿ ಒಪ್ಪಿಗೆ ಕೇಳಿ. ಮುಂದಿನ ವರ್ಷದ ತೆರಿಗೆ ದಾಖಲೆಯಲ್ಲಿ ಸಂಬಳವೂ ಏಜೆನ್ಸಿಯ ಹಣವೂ ಒಂದೇ ಕಡೆ ಕಾಣುತ್ತವೆ.